ಐದು ವಾರ ಆಯ್ತು, ಅಮ್ಮನ ಕೆಮ್ಮು ನಿಲ್ತಾನೇ ಇಲ್ಲ. ಮೊದಲು ಯಾವ ಟೆಸ್ಟ್ ಮಾಡಿಸ್ಬೇಕು?

ಸಂಜೆಮಲ್ಲಿಗೆ:
ಎಲ್ರಿಗೂ ನಮಸ್ಕಾರ. ಅಮ್ಮಂಗೆ 58 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ, ಬಿಪಿನೂ ಇದೆ. ಐದು ವಾರದ ಹಿಂದೆ ಮಾಮೂಲಿ ನೆಗಡಿ ಥರ ಶುರುವಾಯ್ತು, ನೆಗಡಿ ಹೋಯ್ತು ಕೆಮ್ಮು ಮಾತ್ರ ಉಳ್ಕೊಂಡ್ತು. ಮೊದಲು ಒಂದು ಆಂಟಿಬಯೋಟಿಕ್ ಮತ್ತೆ ಸಿರಪ್ ಕೊಟ್ರು, ಏನೂ ಪ್ರಯೋಜನ ಆಗ್ಲಿಲ್ಲ. ಆಮೇಲೆ ಲೆವೊಫ್ಲಾಕ್ಸಾಸಿನ್ ಅಂತ ಏಳು ದಿನದ ಮಾತ್ರೆ ಕೊಟ್ರು, ಅದ್ರಲ್ಲಿ ನಿಜವಾಗ್ಲೂ ಕಮ್ಮಿ ಆಯ್ತು, ರಾತ್ರಿ ನಿದ್ದೆನೂ ಮಾಡಿದ್ರು, ಆದ್ರೆ ಮಾತ್ರೆ ಮುಗಿದು ಒಂದು ವಾರ ಆಗೋಷ್ಟರಲ್ಲಿ ಮತ್ತೆ ಅದೇ ಕೆಮ್ಮು. ಈಗ ಇನ್ನೊಬ್ಬ ಡಾಕ್ಟ್ರು ಇದು ಅಸಿಡಿಟಿ ಮೇಲಕ್ಕೆ ಬಂದು ಗಂಟಲು ಕೆರಳಿಸ್ತಿದೆ ಅಂತ ಪ್ಯಾಂಟೊಪ್ರಜೋಲ್ ಬರೆದಿದಾರೆ. ಪಕ್ಕದ ಮನೆಯವ್ರು ಅಸ್ತಮಾ ಅಂತಾರೆ, ಅಣ್ಣ ಟಿಬಿ ಇರ್ಬೋದಾ ಅಂತ ಹೆದರಿಸ್ತಾನೆ. ಕಫದಲ್ಲಿ ರಕ್ತ ಬಂದಿಲ್ಲ, ಮೈ ಸುಡೋ ಜ್ವರನೂ ಇಲ್ಲ. ಎಕ್ಸ್‌ರೇ ಇನ್ನೂ ಯಾರೂ ಬರೆದುಕೊಟ್ಟಿಲ್ಲ. ಈ ಮೂರರಲ್ಲಿ ಯಾವುದನ್ನ ಮೊದಲು ನೋಡ್ಬೇಕು ಅಂತ ಗೊತ್ತಾಗ್ತಿಲ್ಲ, ತಿಳಿದವ್ರು ಹೇಳಿ.

ಬಯಲುಸೀಮೆ_ಹುಡ್ಗ:
ಅಕ್ಕಾ ಗಾಬರಿ ಆಗ್ಬೇಡಿ. ಜ್ವರ ಇಲ್ಲ ರಕ್ತ ಇಲ್ಲ ಅಂದ್ಮೇಲೆ ಟಿಬಿ ಇರಲ್ಲ ಬಿಡಿ. ವೈರಲ್ ನೆಗಡಿ ಆದ್ಮೇಲೆ ಉಸಿರು ಕೊಳವೆ ಒಳಗಿನ ಪದರ ಸೂಕ್ಷ್ಮ ಆಗಿಬಿಡುತ್ತೆ, ತಣ್ಣನೆ ಗಾಳಿ ಬಂದ್ರೂ ಧೂಳು ಬಂದ್ರೂ ಕೆಮ್ಮು, ಅದು ಆರು ವಾರ ಎಂಟು ವಾರ ಎಳೆಯುತ್ತೆ. ಹೋದ ಸಲ ನನಗೂ ಹಾಗೇ ಆಗಿ ತಾನಾಗೇ ಹೋಯ್ತು. ಇನ್ನೊಂದೆರಡು ವಾರ ಕಾಯಿರಿ.

ಗುಬ್ಬಿಗೂಡು:
ನಮ್ಮ ಕಥೆ ಹೇಳ್ತೀನಿ. ನನಗೆ ಬರೀ ಕೆಮ್ಮು, ಉಬ್ಬಸ ಇಲ್ಲ, ಸೀಟಿ ಹೊಡೆದ ಹಾಗೆ ಸದ್ದೂ ಇಲ್ಲ. ಹಗಲೆಲ್ಲಾ ಆರಾಮ, ರಾತ್ರಿ ಎರಡು ಮೂರು ಗಂಟೆಗೆ ಎಬ್ಬಿಸಿಬಿಡೋದು, ಜೋರಾಗಿ ನಕ್ರೆ ಕೆಮ್ಮು, ಮೆಟ್ಟಿಲು ಹತ್ತಿದ್ರೆ ಕೆಮ್ಮು. ಉಸಿರು ಊದಿಸಿ ಅಳೆಯೋ ಸ್ಪೈರೊಮೆಟ್ರಿ ಮಾಡಿಸಿದ್ರೆ ನಾರ್ಮಲ್ ಅಂತ ಬಂತು, ಅಲ್ಲಿಗೆ ಎಲ್ರೂ ಅಸ್ತಮಾ ಅಲ್ಲ ಅಂತ ಕೈಬಿಟ್ರು. ಆಮೇಲೆ ಒಬ್ರು ಪೀಕ್ ಫ್ಲೋ ಮೀಟರ್ ಕೊಟ್ಟು ಎರಡು ವಾರ ಬೆಳಿಗ್ಗೆ ಸಂಜೆ ಊದಿ ಬರ್ಕೊಂಡು ಬನ್ನಿ ಅಂದ್ರು, ಬೆಳಿಗ್ಗೆ ಸಂಖ್ಯೆ ಸಂಜೆಗಿಂತ ಎಷ್ಟೋ ಕೆಳಗೆ ಇರ್ತಿತ್ತು. ಅದು ಅಸ್ತಮಾನೇ ಅಂತ ಗೊತ್ತಾಗಿ ಇನ್ಹೇಲರ್ ಶುರು ಮಾಡಿದ್ಮೇಲೆ ಸರಿಹೋಯ್ತು, ಅದೂ ಒಂದೇ ದಿನಕ್ಕಲ್ಲ, ವಾರಗಟ್ಟಲೆ ಹಿಡೀತು. ಅಮ್ಮಂಗೂ ರಾತ್ರಿನೇ ಜಾಸ್ತಿ ಆದ್ರೆ ಇದನ್ನ ನೋಡಿ ಪ್ಲೀಸ್.

ಶ್ವಾಸ_ವೈದ್ಯೆ:
ಸಂಜೆಮಲ್ಲಿಗೆ ಅವ್ರೇ, ನಾನು ಎದೆರೋಗ ವಿಭಾಗದಲ್ಲಿ ಕೆಲಸ ಮಾಡೋಳು. ಇಲ್ಲಿ ಕೂತು ಕಾಯಿಲೆ ಹೆಸರು ಹೇಳಕ್ಕಾಗಲ್ಲ, ಆದ್ರೆ ಯಾವುದು ಮೊದಲು ಅನ್ನೋದಕ್ಕೆ ಉತ್ತರ ಇದೆ. ಟಿಬಿ ಮೊದಲು. ಅದೇ ಆಗಿರುತ್ತೆ ಅಂತ ಹೇಳ್ತಿಲ್ಲ. ಉಳಿದ ಎರಡನ್ನೂ ಪಕ್ಕಾ ಮಾಡ್ಕೊಳೋ ರೀತಿ ಏನಂದ್ರೆ ಔಷಧಿ ಕೊಟ್ಟು ಕಾದು ನೋಡೋದು. ಇನ್ಹೇಲರ್ ಕೊಟ್ಟು ವಾರಗಟ್ಟಲೆ ಕಾಯ್ಬೇಕು, ಆಸಿಡ್ ಕಾರಣದ ಕೆಮ್ಮಾದ್ರೆ ಎರಡು ಮೂರು ತಿಂಗಳೂ ಆಗ್ಬೋದು. ಒಳಗೆ ಟಿಬಿ ಇದ್ದು ನಾವು ಹೀಗೆ ಕಾಯ್ತಾ ಕೂತ್ರೆ ಅಷ್ಟು ದಿನ ಶ್ವಾಸಕೋಶನೂ ಹಾಳಾಗುತ್ತೆ, ಮನೆಯವ್ರಿಗೂ ಹರಡುತ್ತೆ. ಅಸ್ತಮಾ ಅಂದ್ಕೊಂಡು ಸ್ಟಿರಾಯ್ಡ್ ಮಾತ್ರೆ ನುಂಗಿಸಿಬಿಟ್ರಂತೂ ಟಿಬಿ ಇನ್ನೂ ಕೆರಳುತ್ತೆ. ಎರಡು ವಾರ ದಾಟಿದ ಕೆಮ್ಮಿಗೇ ಟಿಬಿ ಪರೀಕ್ಷೆ ಮಾಡ್ಬೇಕು ಅಂತ ನಾವು ಹೇಳೋದು ಇದಕ್ಕೇ. ನಿಮ್ಮದು ಐದು ವಾರ ಆಗಿದೆ, ಶುಗರ್ ಬೇರೆ ಇದೆ. ಶುಗರ್ ಇರೋರಿಗೆ ಟಿಬಿ ಬರೋ ಸಾಧ್ಯತೆ ಇಲ್ಲದವ್ರಿಗಿಂತ ಎರಡು ಮೂರು ಪಟ್ಟು ಜಾಸ್ತಿ.

ನಾಲ್ಕು ವಿಷಯ ಹೇಳಿ. ಈಚೆಗೆ ತೂಕ ಇಳಿದಿದ್ಯಾ, ಊಹೆ ಬೇಡ, ಹಳೇ ಚೀಟಿಲಿ ಬರೆದಿರೋ ತೂಕ ನೋಡಿ ಹೇಳಿ. ಸಂಜೆ ಹೊತ್ತು ಥರ್ಮಾಮೀಟರ್ ಇಟ್ಟು ನೋಡಿದೀರಾ. ಬಿಪಿ ಮಾತ್ರೆ ಹೆಸರೇನು. ಮನೇಲಿ ಐದು ವರ್ಷದೊಳಗಿನ ಮಕ್ಕಳು ಇದಾರಾ.

ಸಂಜೆಮಲ್ಲಿಗೆ:
ಮೇಡಂ ತುಂಬಾ ಥ್ಯಾಂಕ್ಸ್. ಚೀಟಿ ತೆಗೆದು ನೋಡಿದೆ, ಮೂರು ತಿಂಗಳ ಹಿಂದೆ 61 ಕೆಜಿ, ಇವತ್ತು 57. ಶುಗರ್‌ಗೆ ಊಟ ಕಮ್ಮಿ ಮಾಡಿದಾರಲ್ಲ ಅದಕ್ಕೇ ಇಳಿದಿದೆ ಅಂತ ನಾವೆಲ್ಲ ಖುಷಿ ಪಟ್ಟಿದ್ವಿ. ಸಂಜೆ ಥರ್ಮಾಮೀಟರ್ ಇಟ್ಟೆ, 99.8 ತೋರಿಸ್ತು, ಮುಟ್ಟಿದ್ರೆ ಗೊತ್ತೇ ಆಗಲ್ಲ. ಬಿಪಿ ಮಾತ್ರೆ ರಾಮಿಪ್ರಿಲ್, ಎರಡು ತಿಂಗಳ ಹಿಂದೆ ಬದಲಾಯಿಸಿದ್ದು. ನನ್ನ ಮಗಳಿಗೆ ಮೂರು ವರ್ಷ, ಅಜ್ಜಿ ಪಕ್ಕದಲ್ಲೇ ಮಲಗೋದು.

ಮುಂಜಾವು:
ಮೂರು ವರ್ಷದ ಮಗು ಐದು ವಾರದಿಂದ ಕೆಮ್ತಿದೆ ಅಂದ್ರೆ ತಡ ಮಾಡ್ಬೇಡಿ ಅಮ್ಮಾ!! ನಮ್ಮ ಅಣ್ಣನ ಮಗ ಆಟ ಆಡ್ತಾ ಆಡ್ತಾ ಏನೋ ಚೂರು ನುಂಗಿ ಅದು ಶ್ವಾಸನಾಳದಲ್ಲಿ ಸಿಕ್ಕಿಹಾಕ್ಕೊಂಡಿತ್ತು, ವಾರಗಟ್ಟಲೆ ಕೆಮ್ಮಿನ ಔಷಧಿ ಕುಡಿಸಿದ್ದೇ ಆಯ್ತು. ಕೊನೆಗೆ ಟ್ಯೂಬ್ ಹಾಕಿ ತೆಗೆದ್ರು.

ಸಂಜೆಮಲ್ಲಿಗೆ:
ಮುಂಜಾವು ಅವ್ರೇ, ಕೆಮ್ಮು ಇರೋದು ನಮ್ಮಮ್ಮಂಗೆ, ಮಗಳು ಚೆನ್ನಾಗೇ ಇದಾಳೆ.

ಮುಂಜಾವು:
ಓ ಸರಿ ಸರಿ, ಗಡಿಬಿಡಿಲಿ ಓದ್ಬಿಟ್ಟೆ. ಮಗು ಆರಾಮಾಗಿದ್ರೆ ಸಾಕು.

ಶ್ವಾಸ_ವೈದ್ಯೆ:
ಮುಂಜಾವು ಹೇಳಿದ್ದು ಮಕ್ಕಳ ವಿಷಯದಲ್ಲಿ ಸರಿನೇ. ಆಡ್ತಾ ಇದ್ದ ಮಗು ಇದ್ದಕ್ಕಿದ್ದಂಗೆ ಉಸಿರುಕಟ್ಟಿ ಕೆಮ್ಮೋಕೆ ಶುರು ಮಾಡಿದ್ರೆ ಅವತ್ತೇ ತೋರಿಸ್ಬೇಕು.

ಈಗ ಅಮ್ಮನ ವಿಷಯ. ನಾಳೆನೇ ಎದೆ ಎಕ್ಸ್‌ರೇ, ಜೊತೆಗೆ ಕಫ ಪರೀಕ್ಷೆ. ಮೂರು ತಿಂಗಳಲ್ಲಿ ನಾಲ್ಕು ಕೆಜಿ, ಸಂಜೆ ಸಣ್ಣ ಜ್ವರ, ಶುಗರ್, ಇವು ಮೂರೂ ಸೇರಿದಾಗ ಕಾಯೋ ಪ್ರಶ್ನೆನೇ ಇಲ್ಲ. ಬಯಲುಸೀಮೆ_ಹುಡ್ಗ ಹೇಳಿದ ಹಾಗೆ ನೆಗಡಿ ನಂತರದ ಕೆಮ್ಮು ಎಂಟು ವಾರದವರೆಗೂ ಹೋಗೋದು ನಿಜ, ಆದ್ರೆ ಅದ್ರಲ್ಲಿ ದಿನ ಕಳೆದ ಹಾಗೆ ಕೆಮ್ಮು ಇಳೀತಾ ಹೋಗುತ್ತೆ, ತೂಕ ಇಳಿಯಲ್ಲ. ಟಿಬಿ ಇರೋ ಎಷ್ಟೋ ಜನಕ್ಕೆ ರಕ್ತ ಬರೋದೇ ಇಲ್ಲ, ಜ್ವರನೂ ನೀವು ನೋಡಿದ ಹಾಗೆ ಥರ್ಮಾಮೀಟರ್‌ಗೆ ಮಾತ್ರ ಸಿಗೋ ಅಷ್ಟು ಸಣ್ಣದು.

ನನಗೆ ಎಲ್ಲಕ್ಕಿಂತ ಚಿಂತೆ ಆಗಿದ್ದು ಆ ಲೆವೊಫ್ಲಾಕ್ಸಾಸಿನ್ ಕಥೆ. ಆ ಗುಂಪಿನ ಔಷಧಿ ಮಾಮೂಲಿ ನ್ಯುಮೋನಿಯಾಗೂ ಕೆಲಸ ಮಾಡುತ್ತೆ, ಟಿಬಿ ಕ್ರಿಮಿ ಮೇಲೂ ಕೆಲಸ ಮಾಡುತ್ತೆ. ಒಂದು ವಾರ ಕೊಟ್ರೆ ಟಿಬಿ ಕ್ರಿಮಿ ಸ್ವಲ್ಪ ಸಾಯುತ್ತೆ, ಕೆಮ್ಮು ಇಳಿಯುತ್ತೆ, ರೋಗಿಗೂ ಡಾಕ್ಟ್ರಿಗೂ ಗುಣ ಆಯ್ತು ಅನ್ಸುತ್ತೆ. ಕಾಯಿಲೆ ಹೋಗಿರಲ್ಲ. ನಿಲ್ಲಿಸಿದ್ಮೇಲೆ ಮತ್ತೆ ಬರುತ್ತೆ. ಆ ಸಮಯದಲ್ಲಿ ಕಫ ಕೊಟ್ರೆ ಕ್ರಿಮಿ ಕಮ್ಮಿ ಇರೋದ್ರಿಂದ ಪರೀಕ್ಷೆಲಿ ತಪ್ಪಿಸ್ಕೊಳ್ಳೋ ಸಾಧ್ಯತೆನೂ ಇದೆ, ಬರೀ ಅದೊಂದನ್ನೇ ಮತ್ತೆ ಮತ್ತೆ ಕೊಟ್ರೆ ಆ ಔಷಧಿಗೆ ಬಗ್ಗದ ಕ್ರಿಮಿ ಉಳ್ಕೊಳೋ ಅಪಾಯನೂ ಇದೆ. ಹಾಗಾಗಿ ಇನ್ಮೇಲೆ ಯಾರ ಹತ್ರ ಹೋದ್ರೂ ಏಳು ದಿನ ಲೆವೊಫ್ಲಾಕ್ಸಾಸಿನ್ ತಗೊಂಡಿದ್ರು, ಯಾವ ತಾರೀಕಿಗೆ ಮುಗೀತು ಅಂತ ಕೇಳದಿದ್ರೂ ಹೇಳಿ. ಟೆಸ್ಟ್ ಆಗೋವರೆಗೂ ಇನ್ನೊಂದು ಆಂಟಿಬಯೋಟಿಕ್ ಬೇಡ.

ರಾಮಿಪ್ರಿಲ್‌ನಿಂದಲೂ ಕೆಮ್ಮು ಬರುತ್ತೆ. ಅದು ಒಣ ಕೆಮ್ಮು, ಗಂಟಲಲ್ಲಿ ಗರಿ ಆಡಿಸಿದ ಹಾಗೆ. ಅಮ್ಮಂಗೆ ಕಫ ಬರುತ್ತಾ ಇಲ್ಲಾ ಒಣ ಕೆಮ್ಮಾ? ಮಾತ್ರೆನ ನೀವಾಗೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟ್ರಿಗೆ ಹೇಳಿದ್ರೆ ಲೋಸಾರ್ಟನ್ ಥರದ್ದಕ್ಕೆ ಬದಲಾಯಿಸ್ತಾರೆ. ಬದಲಾಯಿಸಿದ್ಮೇಲೂ ಕೆಮ್ಮು ಹೋಗಕ್ಕೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ, ಕೆಲವರಿಗೆ ಮೂರು ತಿಂಗಳು.

ಸಂಜೆಮಲ್ಲಿಗೆ:
ಮೊದಲು ಒಣ ಕೆಮ್ಮೇ ಇತ್ತು ಮೇಡಂ. ಈಗ ಬೆಳಿಗ್ಗೆ ಹೊತ್ತು ಸ್ವಲ್ಪ ಹಳದಿ ಕಫ ಬರುತ್ತೆ.

ಬಯಲುಸೀಮೆ_ಹುಡ್ಗ:
ಹಾಗಾದ್ರೆ ಸುಲಭದ ದಾರಿ ಇದ್ಯಲ್ಲ, ಟಿಬಿಗೆ ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ, ಇಲ್ಲಾಂದ್ರೆ ಕೈಗೆ ಚುಚ್ಚಿ ಎರಡು ದಿನ ಬಿಟ್ಟು ಗಂಟು ಅಳೀತಾರಲ್ಲ ಅದು. ಕಫ ಹಿಡ್ಕೊಂಡು ಓಡಾಡೋದು ಯಾಕೆ.

ಹಳೇ_ಲ್ಯಾಬು:
ತಮ್ಮಾ, ಆ ಎರಡರಿಂದ ಇವ್ರ ಪ್ರಶ್ನೆಗೆ ಉತ್ತರ ಸಿಗಲ್ಲ. ನಾನು ವರ್ಷಗಟ್ಟಲೆ ಕಫದ ಸ್ಲೈಡ್ ನೋಡಿದವನು. ಚರ್ಮಕ್ಕೆ ಚುಚ್ಚೋ ಮಾಂಟೂ ಟೆಸ್ಟ್ ಆಗ್ಲಿ ಇಗ್ರಾ ಅನ್ನೋ ರಕ್ತ ಪರೀಕ್ಷೆ ಆಗ್ಲಿ, ಮೈಗೆ ಯಾವತ್ತಾದ್ರೂ ಟಿಬಿ ಕ್ರಿಮಿಯ ಪರಿಚಯ ಆಗಿದ್ಯಾ ಅಂತ ಮಾತ್ರ ಹೇಳುತ್ತೆ. ಆ ಕ್ರಿಮಿ ಸುಮ್ನೆ ಮಲಗಿದ್ಯಾ, ಎದ್ದು ಕಾಯಿಲೆ ಮಾಡ್ತಿದ್ಯಾ ಅಂತ ಹೇಳಲ್ಲ. ಇನ್ನು ರಕ್ತದಲ್ಲಿ ಪ್ರತಿಕಾಯ ನೋಡೋ ಟೆಸ್ಟ್ ಒಂದಿತ್ತು, ಅದನ್ನ ಕಾಯಿಲೆ ಪತ್ತೆಗೆ ಬಳಸ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಶ್ವಾಸಕೋಶದ ಟಿಬಿ ಹುಡುಕ್ಬೇಕಾದ್ರೆ ಕಫನೇ ಬೇಕು.

ಅಮ್ಮಾ ಸಂಜೆಮಲ್ಲಿಗೆ, ಕಫ ಕೊಡೋದ್ರಲ್ಲೇ ಅರ್ಧ ಪರೀಕ್ಷೆ ಇದೆ. ನಮಗೆ ಬರ್ತಿದ್ದ ಡಬ್ಬಿಗಳಲ್ಲಿ ಎಷ್ಟೋ ಬರೀ ಎಂಜಲು, ನೀರು ನೀರು, ನೊರೆ ನೊರೆ. ಅದ್ರಲ್ಲಿ ಕ್ರಿಮಿ ಸಿಗಲ್ಲ, ರಿಪೋರ್ಟ್ ಮಾತ್ರ ನೆಗೆಟಿವ್ ಅಂತ ಹೋಗುತ್ತೆ, ಮನೆಯವ್ರು ನಿಶ್ಚಿಂತೆ ಆಗಿಬಿಡ್ತಾರೆ. ಬೆಳಿಗ್ಗೆ ಎದ್ದ ತಕ್ಷಣ, ಏನೂ ತಿನ್ನೋಕೆ ಮುಂಚೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ. ಆಮೇಲೆ ನಿಧಾನಕ್ಕೆ ಎರಡು ಮೂರು ಸಲ ಆಳವಾಗಿ ಉಸಿರು ಎಳೆದು ಸ್ವಲ್ಪ ಹೊತ್ತು ಹಿಡಿದು ಬಿಡಲಿ, ಕೊನೆಯ ಉಸಿರಿಗೆ ಎದೆಯ ಆಳದಿಂದ ಕೆಮ್ಮಿ ನೇರ ಡಬ್ಬಿಗೆ ಉಗುಳಲಿ. ಗಂಟಲು ಕ್ಯಾಕರಿಸಿ ತೆಗೆದದ್ದು ಬೇಡ. ಅಂಟಂಟಾಗಿ ಗಟ್ಟಿಯಾಗಿ ಇರ್ಬೇಕು, ಒಂದು ಟೀ ಚಮಚದಷ್ಟು ಸಾಕು. ಇದನ್ನ ರೂಮೊಳಗೆ ಮಾಡ್ಬಾರ್ದು, ಹೊರಗೆ ಬಯಲಲ್ಲಿ, ಯಾರೂ ಹತ್ರ ಇರ್ಬಾರ್ದು, ಮಗುವಂತೂ ಬೇಡವೇ ಬೇಡ. ಮುಚ್ಚಳ ಬಿಗಿ ಹಾಕಿ ಬೇಗ ಲ್ಯಾಬಿಗೆ ಮುಟ್ಟಿಸಿ.

ಚೀಟಿಲಿ ಜೀನ್‌ಎಕ್ಸ್‌ಪರ್ಟ್ ಅಂತ ಬರೆಸಿಕೊಳ್ಳಿ, ಸಿಬಿನಾಟ್ ಅಂದ್ರೂ ಅದೇ, ಕಫದಲ್ಲಿ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕೋ ಮಷಿನ್ ಪರೀಕ್ಷೆ. ಬರೀ ಸ್ಲೈಡ್ ಪರೀಕ್ಷೆ ಬರೆದ್ರೆ ಇದೂ ಬೇಕು ಅಂತ ಕೇಳಿ.

ಮಾತಿನಮಲ್ಲ:
ಡಾಕ್ಟ್ರೇ, ನಂದು ಸ್ವಲ್ಪ ಬೇರೆ. ಎಕ್ಸ್‌ರೇ ಕಫ ಎಲ್ಲಾ ಆಗಿ ನಾರ್ಮಲ್ ಬಂದಿದೆ. ಕೆಮ್ಮು ನಾಲ್ಕು ತಿಂಗಳಿಂದ ಇದೆ. ಊಟ ಮಾಡಿದ್ಮೇಲೆ, ಬಗ್ಗಿದ್ರೆ, ತುಂಬಾ ಮಾತಾಡಿದ್ರೆ ಬರುತ್ತೆ. ಗಂಟಲು ಕಟ್ಟಿದ ಹಾಗೆ. ಎದೆಯುರಿ ಮಾತ್ರ ಇಲ್ಲ, ಹುಳಿ ತೇಗೂ ಇಲ್ಲ. ಅಸಿಡಿಟಿ ಮಾತ್ರೆ ಮೂರು ತಿಂಗಳು ನುಂಗಿದ್ರೂ ಅಷ್ಟಕ್ಕಷ್ಟೇ. ಹಾಗಾದ್ರೆ ಅಸಿಡಿಟಿ ಅಲ್ಲ ಅಂತಾನಾ?

ಶ್ವಾಸ_ವೈದ್ಯೆ:
ಇದಕ್ಕೆ ಒಂದೇ ಸಾಲಿನ ಉತ್ತರ ನನ್ನ ಹತ್ರ ಇಲ್ಲ, ನಮ್ಮಲ್ಲೇ ಒಮ್ಮತ ಕಮ್ಮಿ. ಆ ಮಾತ್ರೆ ಹೊಟ್ಟೆಯಿಂದ ಮೇಲಕ್ಕೆ ಬರೋದನ್ನ ನಿಲ್ಲಿಸಲ್ಲ, ಬರೋ ರಸದ ಆಸಿಡ್ ಮಾತ್ರ ಕಮ್ಮಿ ಮಾಡುತ್ತೆ. ಹಾಗಾಗಿ ಎದೆಯುರಿ ಇಲ್ಲದವ್ರಿಗೆ ಬರೀ ಮಾತ್ರೆಯಿಂದ ಕೆಮ್ಮು ಹೋಗೋದು ಕಮ್ಮಿ. ನೀವು ರಾತ್ರಿ ಊಟಕ್ಕೂ ಮಲಗೋದಕ್ಕೂ ಮೂರು ಗಂಟೆ ಬಿಟ್ಟು, ಮಂಚದ ತಲೆ ಕಡೆ ಕಾಲುಗಳನ್ನ ಒಂದು ಗೇಣು ಎತ್ತರಿಸಿ ನೋಡಿದೀರಾ? ದಿಂಬು ಪೇರಿಸೋದಲ್ಲ, ಅದ್ರಲ್ಲಿ ಹೊಟ್ಟೆ ಮಡಚಿ ಇನ್ನೂ ಜಾಸ್ತಿ ಆಗುತ್ತೆ. ಮಾತ್ರೆ ನುಂಗ್ತಿದ್ದಿದ್ದು ಊಟಕ್ಕೆ ಅರ್ಧ ಗಂಟೆ ಮುಂಚೆನಾ ಊಟ ಆದ್ಮೇಲಾ? ಇದೆಲ್ಲ ಸರಿಯಾಗಿ ಆಗಿದ್ರೆ ಮೂಗಿನ ಹಿಂದಿಂದ ಗಂಟಲಿಗೆ ಸಿಂಬಳ ಇಳೀತಿದ್ಯಾ ಅಂತ ನೋಡ್ಬೇಕು, ಗುಬ್ಬಿಗೂಡು ಹೇಳಿದ ಪೀಕ್ ಫ್ಲೋನೂ ಮಾಡಿ. ಸಿಗರೇಟ್ ಇದ್ರೆ, ದನಿ ಬದಲಾಗಿದ್ರೆ, ಎಕ್ಸ್‌ರೇ ನಾರ್ಮಲ್ ಇದ್ರೂ ಸ್ಕ್ಯಾನ್ ಬಗ್ಗೆ ಕೇಳಿ, ಸಣ್ಣ ಗಡ್ಡೆ ಎಕ್ಸ್‌ರೇಲಿ ಕಾಣದೇ ಹೋಗ್ಬೋದು.

ಮಾತಿನಮಲ್ಲ:
ಊಟ ಆದ್ಮೇಲೆ ನುಂಗ್ತಿದ್ದೆ ಮೇಡಂ, ಯಾರೂ ಹೇಳಿರ್ಲಿಲ್ಲ. ಸಿಗರೇಟ್ ಬಿಟ್ಟು ಆರು ವರ್ಷ ಆಯ್ತು. ಸ್ಕ್ಯಾನ್ ಕೇಳ್ತೀನಿ.

ಸಂಜೆಮಲ್ಲಿಗೆ:
ಅಪ್‌ಡೇಟ್. ಎಕ್ಸ್‌ರೇಲಿ ಬಲಗಡೆ ಕೆಳಭಾಗದಲ್ಲಿ ಮಸುಕು ಇದೆ ಅಂತ ಬರೆದಿದಾರೆ. ಅಲ್ಲಿದ್ದ ಡಾಕ್ಟ್ರು ಟಿಬಿ ಆದ್ರೆ ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಇರುತ್ತೆ, ಇದು ನ್ಯುಮೋನಿಯಾ ಇರ್ಬೋದು ಅಂದ್ರು. ಕಫ ಎರಡು ಸಲ ಕೊಟ್ವಿ. ಮೊದಲ್ನೇದು ಅಲ್ಲೇ ಆಸ್ಪತ್ರೇಲಿ ಕೊಟ್ಟಿದ್ದು, ಎರಡನೇದು ಮಾರನೇ ಬೆಳಿಗ್ಗೆ ಹಳೇ ಲ್ಯಾಬು ಸರ್ ಹೇಳಿದ ಹಾಗೆ. ಸ್ಲೈಡ್ ಎರಡೂ ನೆಗೆಟಿವ್. ಜೀನ್‌ಎಕ್ಸ್‌ಪರ್ಟ್ ರಿಪೋರ್ಟ್ ಇನ್ನೂ ಬರ್ಬೇಕು.

ಬಯಲುಸೀಮೆ_ಹುಡ್ಗ:
ನೋಡಿ ಅಕ್ಕಾ, ನೆಗೆಟಿವ್! ನ್ಯುಮೋನಿಯಾ ಅಷ್ಟೇ.

ಹಳೇ_ಲ್ಯಾಬು:
ಅಷ್ಟು ಬೇಗ ಬೇಡ. ಸ್ಲೈಡಲ್ಲಿ ಕ್ರಿಮಿ ಕಣ್ಣಿಗೆ ಬೀಳ್ಬೇಕಂದ್ರೆ ಒಂದು ಎಂಎಲ್ ಕಫದಲ್ಲಿ 5,000ದಿಂದ 10,000 ಕ್ರಿಮಿಯಾದ್ರೂ ಇರ್ಬೇಕು. ಜೀನ್‌ಎಕ್ಸ್‌ಪರ್ಟ್‌ಗೆ ನೂರಿನ ಲೆಕ್ಕದಲ್ಲಿದ್ರೂ ಸಾಕು. ಲೆವೊಫ್ಲಾಕ್ಸಾಸಿನ್ ನುಂಗಿದವ್ರ ಸ್ಲೈಡ್ ನೆಗೆಟಿವ್ ಅಂದ್ರೆ ನಾನಂತೂ ನಂಬಲ್ಲ. ಮಷಿನ್‌ಗೆ ಹಾಕಿದ್ಮೇಲೆ ಎರಡು ಗಂಟೆ ಕೆಲಸ ಅದು, ಸರದಿ ಇದ್ರೆ ತಡ ಆಗುತ್ತೆ ಅಷ್ಟೇ. ಕಫದಲ್ಲಿರೋ ಕ್ರಿಮಿನ ಬೆಳೆಸಿ ನೋಡೋ ಕಲ್ಚರ್‌ಗೂ ಕಳಿಸಿದಾರಾ ಕೇಳಿ, ಅದಕ್ಕೆ ಆರು ವಾರದವರೆಗೂ ಹಿಡಿಯುತ್ತೆ.

ಶ್ವಾಸ_ವೈದ್ಯೆ:
ಶುಗರ್ ಇರೋರಲ್ಲಿ ಟಿಬಿ ಕೆಳಭಾಗದಲ್ಲಿ ಕಾಣಿಸ್ಕೊಳ್ಳೋದನ್ನ ನಾವು ನೋಡ್ತಾನೇ ಇರ್ತೀವಿ. ಜಾಗ ನೋಡಿ ಟಿಬಿ ಅಲ್ಲ ಅನ್ನೋಕಾಗಲ್ಲ. ರಿಪೋರ್ಟ್ ಬರೋವರೆಗೆ ಮಗು ಬೇರೆ ರೂಮಲ್ಲಿ ಮಲಗಲಿ, ಕಿಟಕಿ ತೆಗೆದಿಡಿ, ಅಮ್ಮ ಮಾಸ್ಕ್ ಹಾಕ್ಲಿ. ತಟ್ಟೆ ಲೋಟ ಬೇರೆ ಮಾಡಿ ಅವ್ರನ್ನ ನೋಯಿಸ್ಬೇಡಿ, ಇದು ಗಾಳಿಯಲ್ಲಿ ಹರಡೋದು, ಪಾತ್ರೆಯಿಂದ ಅಲ್ಲ.

ಸಂಜೆಮಲ್ಲಿಗೆ:
ಬಂತು. ಎರಡನೇ ಕಫದಲ್ಲಿ ಟಿಬಿ ಕ್ರಿಮಿ ಇದೆ ಅಂತ ಬಂದಿದೆ, ಕಮ್ಮಿ ಪ್ರಮಾಣ ಅಂತ ಬರೆದಿದೆ. ರಿಫಾಂಪಿಸಿನ್ ನಿರೋಧಕತೆ ಕಂಡುಬಂದಿಲ್ಲ ಅಂತಿದೆ, ಅದು ಒಳ್ಳೇದೇ ಅಲ್ವಾ? ಅಮ್ಮ ಅಳ್ತಿದಾರೆ. ಮಗಳನ್ನ ಹತ್ರ ಸೇರಿಸ್ಕೊಳಲ್ಲ ಅಂತ ಕೂತಿದಾರೆ.

ಶ್ವಾಸ_ವೈದ್ಯೆ:
ಹೌದು ಒಳ್ಳೇದು, ರಿಫಾಂಪಿಸಿನ್ ಅನ್ನೋ ಮುಖ್ಯ ಟಿಬಿ ಔಷಧಿಗೆ ಈ ಕ್ರಿಮಿ ಬಗ್ಗುತ್ತೆ ಅಂತ. ಅಂದ್ರೆ ಮಾಮೂಲಿ ಆರು ತಿಂಗಳ ಚಿಕಿತ್ಸೆ ಸಾಕಾಗ್ಬೋದು, ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಉಳಿದ ನಾಲ್ಕು ತಿಂಗಳು ಕಮ್ಮಿ. ಇವತ್ತೇ ಶುರು ಮಾಡ್ಸಿ. ಲೆವೊಫ್ಲಾಕ್ಸಾಸಿನ್ ವಿಷಯ ಹೇಳೋದು ಮರೀಬೇಡಿ, ಆ ಗುಂಪಿಗೂ ನಿರೋಧಕತೆ ಇದ್ಯಾ ಅಂತ ಬೇರೆ ಪರೀಕ್ಷೆ ಇದೆ, ಬೇಕಾ ಅಂತ ಅವ್ರು ತೀರ್ಮಾನ ಮಾಡ್ತಾರೆ. ಔಷಧಿ ಶುರುವಾದ್ಮೇಲೆ ಹರಡೋದು ಬೇಗ ಇಳಿಯುತ್ತೆ, ಸಾಮಾನ್ಯವಾಗಿ ಎರಡು ವಾರ ಹುಷಾರಾಗಿರಿ ಅಂತೀವಿ, ಆಮೇಲೆ ಅಜ್ಜಿ ಮೊಮ್ಮಗಳನ್ನ ಎತ್ಕೊಬೋದು ಅಂತ ಅಮ್ಮಂಗೆ ಹೇಳಿ. ಮಗಳನ್ನ ಈ ವಾರನೇ ಪರೀಕ್ಷೆ ಮಾಡ್ಸಿ. ಕಾಯಿಲೆ ಇಲ್ಲ ಅಂತ ಖಚಿತ ಆದ್ರೂ ಐದು ವರ್ಷದೊಳಗಿನ ಮಕ್ಕಳಿಗೆ ಮುನ್ನೆಚ್ಚರಿಕೆ ಔಷಧಿ ಕೊಡ್ತಾರೆ. ಮನೆಯಲ್ಲಿ ಉಳಿದವ್ರೂ ತೋರಿಸ್ಕೊಳ್ಳಿ.

ಶುಗರ್ ಮಾತ್ರೆ ಯಾವುದು? ರಿಫಾಂಪಿಸಿನ್ ಲಿವರ್ ಕೆಲಸ ಜೋರು ಮಾಡಿ ಕೆಲವು ಶುಗರ್ ಮಾತ್ರೆಗಳನ್ನ ಬೇಗ ಕರಗಿಸಿಬಿಡುತ್ತೆ, ಮಾತ್ರೆ ನುಂಗ್ತಿದ್ರೂ ಶುಗರ್ ಏರುತ್ತೆ. ಮೊದಲ ವಾರಗಳಲ್ಲಿ ಪದೇ ಪದೇ ಶುಗರ್ ನೋಡ್ಕೊಳ್ಳಿ, ಆ ಡಾಕ್ಟ್ರಿಗೂ ಟಿಬಿ ಔಷಧಿ ಶುರುವಾಗಿದೆ ಅಂತ ತಿಳಿಸಿ.

ಗುಬ್ಬಿಗೂಡು:
ದೇವ್ರೇ. ಹುಷಾರಾಗ್ತಾರೆ ಬಿಡಿ. ನನಗೊಂದು ಡೌಟು, ರಾಮಿಪ್ರಿಲ್ ಕೂಡ ಕೆಮ್ಮು ಬರಿಸ್ತಿದ್ರೆ? ಟಿಬಿ ಔಷಧಿಲಿ ಕೆಮ್ಮು ಹೋಗದಿದ್ರೆ ಯಾವುದರಿಂದ ಅಂತ ಹೇಗೆ ಗೊತ್ತಾಗೋದು?

ಹಳೇ_ಲ್ಯಾಬು:
ಈಗ್ಲೇ ಬದಲಾಯಿಸಿಬಿಡೋದು ವಾಸಿ ಅನ್ಸುತ್ತೆ ನನಗೆ. ಇಲ್ಲಾಂದ್ರೆ ಒಂದು ತಿಂಗಳಾದ್ಮೇಲೂ ಕೆಮ್ಮು ಇದ್ರೆ ಔಷಧಿ ಕೆಲಸ ಮಾಡ್ತಿಲ್ಲ ಅಂತ ಮನೆಯವ್ರು ಗಾಬರಿ ಬೀಳ್ತಾರೆ.

ಶ್ವಾಸ_ವೈದ್ಯೆ:
ನಾನಾದ್ರೆ ಸ್ವಲ್ಪ ಕಾಯ್ತೀನಿ ಸರ್. ಲೋಸಾರ್ಟನ್ ಕೊಟ್ರೆ ಅದರ ಮೇಲೂ ರಿಫಾಂಪಿಸಿನ್ ಪ್ರಭಾವ ಇದೆ, ಬಿಪಿ ಹಿಡಿತ ತಪ್ಪಬೋದು. ಔಷಧಿ ಕೆಲಸ ಮಾಡ್ತಿದ್ಯಾ ಅಂತ ನಾವು ನೋಡೋದು ಕೆಮ್ಮೊಂದರಲ್ಲೇ ಅಲ್ಲ, ತೂಕ ಏರ್ತಿದ್ಯಾ, ಸಂಜೆ ಜ್ವರ ಹೋಯ್ತಾ, ಎರಡು ತಿಂಗಳಿಗೆ ಕಫ ಏನು ಹೇಳುತ್ತೆ, ಅದ್ರಲ್ಲಿ. ಆದ್ರೆ ಮೊದಲೇ ಬದಲಾಯಿಸೋ ಡಾಕ್ಟ್ರುಗಳೂ ಇದಾರೆ, ಅದು ತಪ್ಪಲ್ಲ. ಅವ್ರ ಬಿಪಿ ಡಾಕ್ಟ್ರು ನೋಡಿ ನಿರ್ಧರಿಸ್ಲಿ.

ಸಂಜೆಮಲ್ಲಿಗೆ:
ಇವತ್ತು ಬೆಳಿಗ್ಗೆ ಮೊದಲ ಡೋಸ್ ಆಯ್ತು. ಸಂಜೆಗೆ ಮೂತ್ರ ಕೇಸರಿ ಬಣ್ಣ ಬಂತು ಅಂತ ಅಮ್ಮ ಹೆದರಿಕೊಂಡಿದಾರೆ, ರಕ್ತನಾ ಅಂತ ಕೇಳ್ತಿದಾರೆ. ನಿಲ್ಲಿಸ್ಬೇಕಾ ಮೇಡಂ?

ಶ್ವಾಸ_ವೈದ್ಯೆ:
ನಿಲ್ಲಿಸ್ಬೇಡಿ, ಅದು ರಿಫಾಂಪಿಸಿನ್ ಬಣ್ಣ. ಬೆವರು ಕಣ್ಣೀರಲ್ಲೂ ಬರ್ಬೋದು, ತೊಂದರೆ ಇಲ್ಲ. ಕಣ್ಣಿನ ಬಿಳಿ ಭಾಗ ಹಳದಿ ಆದ್ರೆ, ವಾಂತಿ ನಿಲ್ಲದಿದ್ರೆ, ಊಟನೇ ಸೇರದಿದ್ರೆ ಅವತ್ತಿನ ಮಾತ್ರೆ ನುಂಗೋಕೆ ಮುಂಚೆ ಡಾಕ್ಟ್ರಿಗೆ ತೋರಿಸಿ, ಅದು ಲಿವರ್ ವಿಷಯ. ಕಣ್ಣು ಮಂಜಾದ್ರೆ, ಬಣ್ಣ ಗುರುತು ಸಿಗದಿದ್ರೂ ಹೇಳ್ಬೇಕು. ಮಗಳದ್ದು ಯಾವತ್ತು ತೋರಿಸ್ತೀರಿ?

ಸಂಜೆಮಲ್ಲಿಗೆ:
ನಾಳೆ ಬೆಳಿಗ್ಗೆ ಬರಕ್ಕೆ ಹೇಳಿದಾರೆ ಮೇಡಂ. ಅಣ್ಣನೂ ನಾನೂ ಎಕ್ಸ್‌ರೇ ತೆಗೆಸ್ಕೊಂಡು ಬರ್ತೀವಿ, ಲೆವೊಫ್ಲಾಕ್ಸಾಸಿನ್ ಚೀಟಿ ಬ್ಯಾಗಲ್ಲೇ ಇಟ್ಕೊಂಡಿದೀನಿ.